ದೀಪಾವಳಿಯಿಂದ ದೀಪಾವಳಿಗೆ ಒಂದು ವರ್ಷವಲ್ಲ!

ಹಾಸನದ ಓದುಗರೊಬ್ಬರು ಪತ್ರ ಬರೆದಿದ್ದಾರೆ. 2024ರ ದೀಪಾವಳಿಯ ಮುಹೂರ್ತ ಟ್ರೇಡಿಂಗ್‌ನಲ್ಲಿ ಷೇರು ಕೊಂಡು, 2025ರ ದೀಪಾವಳಿಯ ಮುಹೂರ್ತದಲ್ಲೇ ಮಾರಿದರಂತೆ. ‘ವರ್ಷ ತುಂಬಿತು, ಇನ್ನು ತೆರಿಗೆ ಕಡಿಮೆ’ ಎಂದು ನೆಮ್ಮದಿಯಾಗಿದ್ದಾಗ ಲಾಭದ ಪಟ್ಟಿಯಲ್ಲಿ ‘ಅಲ್ಪಾವಧಿ’ ಎಂದು ಬಂತು. ‘ವರ್ಷ ತುಂಬುವ ಮುಂಚೆ ಎಚ್ಚರಿಸುತ್ತೇವೆ ಎಂದಿದ್ದ ಆಪ್ ಯಾಕೆ ಸುಮ್ಮನಿತ್ತು?’ ಎನ್ನುವುದು ಅವರ ಪ್ರಶ್ನೆ.

ಆಪ್ ಸರಿಯಾಗಿಯೇ ಇತ್ತು. ಅದು ಬಾಯಿ ಬಿಡಬೇಕಾದ ದಿನ ಇನ್ನೂ ಬಂದಿರಲಿಲ್ಲ, ಅಷ್ಟೆ. ಲೆಕ್ಕ ತಪ್ಪಿದ್ದು ಮುಹೂರ್ತ ನಂಬಿದವರದು.

2024ರ ಮುಹೂರ್ತ ಟ್ರೇಡಿಂಗ್ ನಡೆದದ್ದು ನವೆಂಬರ್ 1ರಂದು, 2025ರದ್ದು ಅಕ್ಟೋಬರ್ 21ರಂದು. ನಡುವೆ 354 ದಿನ. ನಮ್ಮ ಹಬ್ಬಗಳು ಚಂದ್ರನನ್ನು ನೋಡಿ ಬರುತ್ತವೆ, ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೂ 365 ದಿನ ಆಗುವುದಿಲ್ಲ, ಸುಮಾರು ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಆ ಕೊರತೆ ಕೂಡುತ್ತಾ ಹೋಗಿ ಒಂದು ತಿಂಗಳಷ್ಟಾದಾಗ ಪಂಚಾಂಗದವರು ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ಹೀಗೆ. ಅದರಿಂದಾಗಿ 2022ರ ಅಕ್ಟೋಬರ್ 24ರ ಮುಹೂರ್ತದಲ್ಲಿ ಕೊಂಡು, 2023ರ ನವೆಂಬರ್ 12ರ ಮುಹೂರ್ತದಲ್ಲಿ ಮಾರಿದವರಿಗೆ 384 ದಿನ ಸಿಕ್ಕಿತು, ಲಾಭ ದೀರ್ಘಾವಧಿಯದಾಯಿತು. ಮರುವರ್ಷ ಅದೇ ಪದ್ಧತಿ ಮಾಡಿದವರಿಗೆ 355 ದಿನ ಮಾತ್ರ.

ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕ ಮಾಸ ಬರುತ್ತವೆ. ಹಾಗಾಗಿ ದೀಪಾವಳಿಗೆ ಕೊಂಡು ದೀಪಾವಳಿಗೆ ಮಾರುವವರು ಹತ್ತೊಂಬತ್ತರಲ್ಲಿ ಹನ್ನೆರಡು ಬಾರಿ ಅಲ್ಪಾವಧಿಗೇ ಬೀಳುತ್ತಾರೆ. ಲಕ್ಷ್ಮೀಪೂಜೆಯ ಗಳಿಗೆಯಲ್ಲಿ ಕೊಂಡರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ನಂಬುವವರನ್ನು ನಾನು ತಡೆಯುವುದಿಲ್ಲ. ಆದರೆ ಅದೇ ಗಳಿಗೆಯಲ್ಲಿ ಮಾರಿದರೆ ಅವಳ ಪಾಲಿನ ಒಂದು ತುಂಡನ್ನು ಆದಾಯ ತೆರಿಗೆ ಇಲಾಖೆಗೆ ಕಾಣಿಕೆ ಕೊಟ್ಟ ಹಾಗೆ. ಮುಹೂರ್ತ ನೋಡುವವರು ಮಾರುವಾಗಲಾದರೂ ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ನೋಡಬೇಕು.

ಈಗ ಎಚ್ಚರಿಕೆ ಕೊಡುವ ಯಂತ್ರದ ವಿಷಯಕ್ಕೆ ಬರೋಣ. ಪ್ರತಿ ರಾತ್ರಿ ನಿಮ್ಮ ಷೇರುಗಳ ಪಟ್ಟಿ ತೆರೆದು, ಯಾವುದು ವರ್ಷದ ಗೆರೆ ದಾಟಲು ಕೆಲವೇ ದಿನ ಬಾಕಿ ಎಂದು ನೋಡಿ ಸಂದೇಶ ಕಳಿಸುವ ಪುಟ್ಟ ಪ್ರೋಗ್ರಾಂ ಅದು. ಇದರಲ್ಲೇನು ಕಷ್ಟ, 365 ಕೂಡಿಸಿದರಾಯಿತಲ್ಲ ಎನ್ನಿಸಬಹುದು. ಎಡವುವುದು ಅಲ್ಲೇ.

ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಪಟ್ಟಿಯಾದ ಷೇರು ದೀರ್ಘಾವಧಿಯದು ಎನಿಸಲು 1961ರ ಆದಾಯ ತೆರಿಗೆ ಕಾಯ್ದೆ ಕೇಳಿದ್ದು 365 ದಿನವನ್ನಲ್ಲ. ಮಾರುವ ದಿನಕ್ಕೆ ಮುಂಚಿನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮಲ್ಲಿರಬೇಕು ಎಂದು. ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು. ‘ಹೆಚ್ಚು’ ಎಂದರೆ ಸರಿಯಾಗಿ ಹನ್ನೆರಡು ತಿಂಗಳಾದರೆ ಸಾಲದು, ಮೇಲೆ ಒಂದು ದಿನವಾದರೂ ಬೇಕು. 2024ರ ಫೆಬ್ರವರಿ 12, ಸೋಮವಾರ ಕೊಂಡ ಷೇರನ್ನು ತೆಗೆದುಕೊಳ್ಳಿ. 2025ರ ಫೆಬ್ರವರಿ 12, ಬುಧವಾರಕ್ಕೆ ಮುಂಚಿನ ಹನ್ನೆರಡು ತಿಂಗಳು ಶುರುವಾಗುವುದು ಕೊಂಡ ದಿನದಿಂದಲೇ. ಅವತ್ತು ಮಾರಿದರೆ ಸರಿಯಾಗಿ ಹನ್ನೆರಡು, ಆದ್ದರಿಂದ ಅಲ್ಪಾವಧಿ. ಗುರುವಾರ, 13ರಂದು ಮಾರಿದರೆ ದೀರ್ಘಾವಧಿ.

ದಿನ ಎಣಿಸುವ ಪ್ರೋಗ್ರಾಂಗೆ ಇಲ್ಲಿ ದಿಕ್ಕು ತಪ್ಪುತ್ತದೆ. 2024 ಅಧಿಕ ವರ್ಷ, ನಡುವೆ ಫೆಬ್ರವರಿ 29 ನುಸುಳಿದೆ. ಬುಧವಾರಕ್ಕೇ 366 ದಿನ ಆಗಿಬಿಟ್ಟಿತು. ‘365 ದಾಟಿತು, ಮಾರಬಹುದು’ ಎಂದು ಅದು ಒಂದು ದಿನ ಮೊದಲೇ ಹಸಿರು ದೀಪ ತೋರಿಸುತ್ತದೆ. ಉಳಿದ ವರ್ಷಗಳಲ್ಲಿ ಈ ಲೆಕ್ಕವೂ ಸರಿಯಾದ ಉತ್ತರವನ್ನೇ ಕೊಡುವುದರಿಂದ ದೋಷ ಮೂರು ವರ್ಷ ಅಡಗಿ ಕೂತು ನಾಲ್ಕನೆಯ ವರ್ಷ ತಲೆಯೆತ್ತುತ್ತದೆ. ಬಲ್ಲವರು ದಿನದ ಬದಲು ತಿಂಗಳು ಕೂಡಿಸುತ್ತಾರೆ. ಪೈಥಾನ್‌ನಲ್ಲಾದರೆ ಹೀಗೆ:

```
lt_from = buy + relativedelta(months=12, days=1)
```

ಕೊಂಡ ದಿನ ಯಾವುದು ಎನ್ನುವುದರಲ್ಲೂ ಗೊಂದಲವಿದೆ. ಷೇರು ಡಿಮ್ಯಾಟ್ ಖಾತೆಗೆ ಬಂದು ಕೂರುವುದು ವ್ಯವಹಾರದ ಮರುದಿನ. ಆದರೆ ವರ್ಷದ ಲೆಕ್ಕ ಶುರುವಾಗುವುದು ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟ್‌ನ ತಾರೀಕಿನಿಂದ. ಕೇಂದ್ರ ನೇರ ತೆರಿಗೆ ಮಂಡಳಿ 1995ರಲ್ಲೇ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿದೆ. ಇನ್ನು ಗೆರೆ ದಾಟುವ ದಿನ ಶನಿವಾರವೋ ಭಾನುವಾರವೋ ಆಗಿದ್ದರೆ ಮಾರುಕಟ್ಟೆ ತೆರೆಯುವ ತನಕ ಕಾಯಬೇಕು. ನಮ್ಮ ಹಾಸನದ ಓದುಗರ ಷೇರು ದೀರ್ಘಾವಧಿಯಾಗುತ್ತಿದ್ದುದು 2025ರ ನವೆಂಬರ್ 2ರಂದು, ಅದು ಭಾನುವಾರ. ಮಾರಲು ಸಿಗುತ್ತಿದ್ದ ಮೊದಲ ದಿನ ನವೆಂಬರ್ 3. ಐದಾರು ದಿನ ಮುಂಚೆ ಎಚ್ಚರಿಸುವ ಆಪ್ ಅಕ್ಟೋಬರ್ ಕೊನೆಗೆ ಬಾಯಿ ಬಿಡುತ್ತಿತ್ತು. ಇವರು 21ಕ್ಕೇ ಮಾರಿದ್ದರು.

ತಾರೀಕು ಸರಿಯಾಯಿತು. ಯಾವ ಷೇರಿಗೆ ಆ ತಾರೀಕು ಎನ್ನುವುದು ಮುಂದಿನ ಪ್ರಶ್ನೆ. ಫೆಬ್ರವರಿ 12ರಂದು 400 ರೂಪಾಯಿಯಂತೆ 100 ಷೇರು ಕೊಂಡಿದ್ದೀರಿ. ಜೂನ್ 10ರಂದು ಅದೇ ಕಂಪನಿಯ ಇನ್ನೂ 50 ಷೇರನ್ನು 450ರಂತೆ ಕೊಂಡಿರಿ. ಸೆಪ್ಟೆಂಬರ್‌ನಲ್ಲಿ ದುಡ್ಡು ಬೇಕಾಗಿ 50 ಮಾರಿದಿರಿ. ‘ಜೂನ್‌ನಲ್ಲಿ ಕೊಂಡದ್ದನ್ನು ಮಾರಿದೆ, ಹಳೆಯ ನೂರು ಹಾಗೇ ಇದೆ’ ಎಂದು ನಿಮ್ಮ ಎಣಿಕೆ. ಕಾನೂನು ಒಪ್ಪುವುದಿಲ್ಲ. ಡಿಮ್ಯಾಟ್ ಖಾತೆ ನ್ಯಾಯಬೆಲೆ ಅಂಗಡಿಯ ಸಾಲಿದ್ದಂತೆ, ಮೊದಲು ಬಂದು ನಿಂತವನೇ ಮೊದಲು ಹೊರಗೆ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಹೋದದ್ದು ಫೆಬ್ರವರಿಯ 50. ವರ್ಷ ತುಂಬುವಾಗ ನಿಮ್ಮಲ್ಲಿರುವುದು ಫೆಬ್ರವರಿಯ 50, ಜೂನ್‌ನ 50. ಆಗ ‘100 ಷೇರು ದೀರ್ಘಾವಧಿಯಾಗಲಿದೆ’ ಎಂದು ಆಪ್ ಹೇಳಿದರೆ ಅದು ನಿಮ್ಮ ಖರೀದಿಯನ್ನಷ್ಟೇ ನೋಡಿದೆ, ಮಾರಾಟವನ್ನು ನೋಡಿಲ್ಲ ಎಂದು ತಿಳಿಯಿರಿ. ಒಳ್ಳೆಯ ಪ್ರೋಗ್ರಾಂ ಖಾತೆಯ ಇತಿಹಾಸವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓಡಿಸಿ, ಸಾಲಿನಲ್ಲಿ ಉಳಿದವರ ಲೆಕ್ಕ ಹಾಕುತ್ತದೆ.

ಈ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಒಂದು ತಿರುವಿದೆ. ಹಳೆಯದೇ ಮುಂದೆ ನಿಲ್ಲುವುದಾದರೆ ದೀರ್ಘಾವಧಿಯ ಷೇರುಗಳೆಲ್ಲ ಸಾಲಿನ ಮುಂದೆಯೇ ಇರಬೇಕಲ್ಲ? ಸಾಮಾನ್ಯವಾಗಿ ಹಾಗೆಯೇ. ಆದರೆ ಅಪ್ಪ 2015ರಲ್ಲಿ ಕೊಂಡ ಷೇರನ್ನು ಇವತ್ತು ಮಗಳ ಖಾತೆಗೆ ಉಡುಗೊರೆಯಾಗಿ ವರ್ಗಾಯಿಸಿದರೆ ಏನಾಗುತ್ತದೆ? ವಯಸ್ಸಿನ ಲೆಕ್ಕದಲ್ಲಿ ಅಪ್ಪನ ಕಾಲವೂ ಸೇರುತ್ತದೆ, ಷೇರು ಹುಟ್ಟಾ ದೀರ್ಘಾವಧಿಯದು. ಆದರೆ ಸಾಲಿನಲ್ಲಿ ಅದರ ಜಾಗ ಮಗಳ ಖಾತೆಗೆ ಬಂದ ದಿನಕ್ಕೆ ತಕ್ಕಂತೆ. ಎಲ್ಲರಿಗಿಂತ ಹಿರಿಯ, ನಿಂತಿರುವುದು ಎಲ್ಲರ ಹಿಂದೆ! ಮಗಳು ಹಿಂದಿನ ತಿಂಗಳು ತಾನೇ ಕೊಂಡ ಅದೇ ಕಂಪನಿಯ ಷೇರು ಮೊದಲು ಹೋಗಬೇಕು, ಅಲ್ಪಾವಧಿಯ ತೆರಿಗೆ ಕಟ್ಟಬೇಕು. ಸಾಲು ಪ್ರತಿ ಡಿಮ್ಯಾಟ್ ಖಾತೆಗೂ ಬೇರೆ ಬೇರೆ. ಆದ್ದರಿಂದ ಇಂಥ ಷೇರನ್ನು ಇನ್ನೊಂದು ಖಾತೆ ತೆರೆದು ಅದಕ್ಕೇ ವರ್ಗಾಯಿಸಿಕೊಳ್ಳುವುದು ಜಾಣತನ.

ಇನ್ನು ಉಳಿದದ್ದು, ಎಚ್ಚರಿಕೆ ಬಂದ ಮೇಲೆ ಕಾಯಬೇಕೇ ಎನ್ನುವುದು. 2024ರ ಜುಲೈ 23ರಿಂದ ಪಟ್ಟಿಯಾದ ಷೇರಿನ ಅಲ್ಪಾವಧಿ ಲಾಭಕ್ಕೆ ಶೇ 20, ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ. ದೀರ್ಘಾವಧಿಯಲ್ಲಿ ಆರ್ಥಿಕ ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ. ಮೇಲೆ ಶೇ 4 ಸೆಸ್ ಸೇರಿದರೆ ದರಗಳು 20.8 ಮತ್ತು 13 ಆಗುತ್ತವೆ.

ಫೆಬ್ರವರಿಯ ನಮ್ಮ ಷೇರಿನ ಬೆಲೆ 400ರಿಂದ 650ಕ್ಕೆ ಏರಿದೆ ಎನ್ನೋಣ. ಬುಧವಾರ ಮಾರಿದರೆ 250 ರೂಪಾಯಿ ಲಾಭದಲ್ಲಿ 52 ತೆರಿಗೆಗೆ ಹೋಗಿ ಕೈಗೆ 598 ಬರುತ್ತದೆ. ಗುರುವಾರದ ತನಕ ಕಾದರೆ, 1.25 ಲಕ್ಷದ ವಿನಾಯಿತಿ ಅದಾಗಲೇ ಮುಗಿದವರಿಗೂ, ಬೆಲೆ 627 ರೂಪಾಯಿ 60 ಪೈಸೆಗೆ ಇಳಿದರೂ ಅದೇ 598 ಕೈಸೇರುತ್ತದೆ. ಶೇ 3.4ರಷ್ಟು ಕುಸಿತವನ್ನು ತಾಳುವ ಮೆತ್ತೆ ಇದು. ವಿನಾಯಿತಿ ಇನ್ನೂ ಉಳಿದಿದ್ದರೆ ಬೆಲೆ 598ಕ್ಕೆ ಇಳಿಯುವ ತನಕ ನಷ್ಟವಿಲ್ಲ. ಒಂದು ದಿನ ಕಾಯಲು ಇದು ಧಾರಾಳ. ಎರಡು ತಿಂಗಳು ಕಾಯುವುದಾದರೆ ಶೇ 3.4 ಏನೇನೂ ಅಲ್ಲ, ಯಾವ ಷೇರಾದರೂ ಅಷ್ಟು ಅಲುಗಾಡುತ್ತದೆ. ಎಚ್ಚರಿಕೆಯನ್ನು ಕೆಲವೇ ದಿನ ಮುಂಚೆ ಕೊಡುವುದಕ್ಕೆ ಕಾರಣ ಇದೇ. ‘ಇನ್ನು ಐದು ದಿನ’ ಎಂದಷ್ಟೇ ಹೇಳುವ ಆಪ್‌ಗಿಂತ, ‘627.60ಕ್ಕಿಂತ ಕೆಳಗೆ ಹೋಗದಿದ್ದರೆ ಕಾಯುವುದು ಲಾಭ’ ಎನ್ನುವ ಆಪ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಲೆಕ್ಕವೆಲ್ಲ ಲಾಭದಲ್ಲಿರುವ ಷೇರಿಗೆ. ನಷ್ಟದಲ್ಲಿರುವ ಷೇರಿಗೆ ಅದೇ ಗಂಟೆಯ ಅರ್ಥ ತಿರುಗಿಬೀಳುತ್ತದೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದಲ್ಲಿ ಕಳೆಯಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಫೆಬ್ರವರಿಯವು ಹೊರಟುಹೋಗಿ ಜೂನ್‌ನ 50 ಮಾತ್ರ ಉಳಿದಿವೆ, ಬೆಲೆ 450ರಿಂದ 380ಕ್ಕೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಒಟ್ಟು ನಷ್ಟ 3,500. 2025ರ ಜೂನ್ 10ರೊಳಗೆ ಮಾರಿದರೆ ಅದನ್ನು ಅದೇ ಆರ್ಥಿಕ ವರ್ಷದ ಬೇರೆ ಅಲ್ಪಾವಧಿ ಲಾಭದಲ್ಲಿ ಕಳೆದು 728 ರೂಪಾಯಿ ತೆರಿಗೆ ಉಳಿಸಬಹುದಿತ್ತು. 11ರಂದು ಮಾರಿದರೆ ಆ ದಾರಿ ಮುಚ್ಚಿತು. ಹೇಗಿದ್ದರೂ ಮಾರಬೇಕು ಎಂದುಕೊಂಡ ನಷ್ಟದ ಷೇರಿಗೆ ‘ಇನ್ನು ಐದು ದಿನ’ ಎಂದರೆ ಕಾಯಿರಿ ಎಂದಲ್ಲ, ಅಷ್ಟರೊಳಗೆ ಮಾರಿಬಿಡಿ ಎಂದು. ನಿಮ್ಮ ಆಪ್ ಎರಡಕ್ಕೂ ಒಂದೇ ಮಾತು ಹೇಳುತ್ತಿದ್ದರೆ ಅದಕ್ಕೆ ತಾರೀಕು ಗೊತ್ತಿದೆ, ನೀವು ಕೊಂಡ ಬೆಲೆ ಗೊತ್ತಿಲ್ಲ.