21ನೇ ದಿನದ ರಿಪೋರ್ಟ್ ತಂದ ಗಾಬರಿ

ಉತ್ತರಾಯಣ ಮುಗಿದರೂ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದ ಜನವರಿ ಕೊನೆಯ ವಾರ. ಸೂರತ್‌ನಿಂದ ಹಾಸನ ಕಡೆಯ ಹೆಣ್ಣುಮಗಳೊಬ್ಬರು ವಡೋದರಾದಲ್ಲಿರುವ ನನಗೆ ಫೋನ್ ಮಾಡಿದರು. ವಯಸ್ಸು 31. "ಮೇಡಂ, ಮಾತ್ರೆ ನಿಲ್ಲಿಸಿದೀನಿ, ಆದ್ರೆ ಅಂಡ ಬಿಡುಗಡೆಯೇ ಆಗ್ತಿಲ್ಲ ಅಂತ ರಿಪೋರ್ಟ್ ಬಂದಿದೆ. ನಾಲ್ಕು ವರ್ಷ ಮಾತ್ರೆ ನುಂಗಿ ಗರ್ಭಕೋಶ ಕೆಡಿಸಿಕೊಂಡೆ ಅಂತ ಅತ್ತೆ ಊರಿಂದ ದಿನಾ ಹೇಳ್ತಿದಾರೆ" ಎಂದರು. ದನಿಯಲ್ಲಿ ಅಳು ತುಂಬಿತ್ತು.

ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇದೇ ಗಾಬರಿ ಬೇರೆ ಮನೆಗಳಲ್ಲೂ ಇದೆ.

ಆಕೆ ತೆಗೆದುಕೊಳ್ಳುತ್ತಿದ್ದದ್ದು ಮಾಲಾ-ಡಿ. ಅದರ ಪ್ಯಾಕೆಟ್‌ನಲ್ಲಿ 28 ಮಾತ್ರೆಗಳಿರುತ್ತವೆ. 21ರಲ್ಲಿ ಹಾರ್ಮೋನ್ ಇರುತ್ತದೆ, ಉಳಿದ 7 ಬರೀ ಕಬ್ಬಿಣಾಂಶದ್ದು. ಹಾರ್ಮೋನ್ ಇರುವಷ್ಟು ದಿನ ಮಿದುಳು ಅಂಡಾಶಯಕ್ಕೆ 'ಅಂಡ ಬೆಳೆಸು' ಎಂಬ ಸಂದೇಶ ಕಳಿಸುವುದಿಲ್ಲ. ಕಬ್ಬಿಣದ ಮಾತ್ರೆಯ ವಾರದಲ್ಲಿ ಹಾರ್ಮೋನ್ ಇಳಿಯುವುದರಿಂದ ರಕ್ತಸ್ರಾವವಾಗುತ್ತದೆ. ತಿಂಗಳು ತಿಂಗಳು ಗಡಿಯಾರದಂತೆ ಬರುತ್ತಿದ್ದದ್ದು ಇದೇ. ಅಂಡ ಬಿಡುಗಡೆಯಾಗಿ ಬರುವ ನಿಜವಾದ ಮುಟ್ಟು ಅದಲ್ಲ.

ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮಾತ್ರೆಯ ಹಾರ್ಮೋನ್ ದೇಹದಿಂದ ಹೋಗಿಬಿಡುತ್ತದೆ. ನಾಲ್ಕು ವರ್ಷ ತೆಗೆದುಕೊಂಡರೂ ಅದು ಒಳಗೆ ಶೇಖರವಾಗಿ ಕೂರುವುದಿಲ್ಲ. ಆದರೆ ಮಿದುಳು ಮತ್ತು ಅಂಡಾಶಯದ ಮಾತುಕತೆ ಮತ್ತೆ ಹದಕ್ಕೆ ಬರಲು ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಎರಡು ಮೂರು ತಿಂಗಳು ಬೇಕು. ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರುವುದು ಸುಮಾರು 14 ದಿನಕ್ಕೆ, ಇದು ಅಷ್ಟಾಗಿ ಬದಲಾಗದು. ಎಳೆದಾಡುವುದು ಅದಕ್ಕೂ ಮೊದಲಿನ ಭಾಗ. ಮುಟ್ಟು ತಡವಾಯಿತೆಂದರೆ ಸಾಮಾನ್ಯವಾಗಿ ಅಂಡ ತಡವಾಗಿ ಬಿಡುಗಡೆಯಾಗಿದೆ ಎಂದರ್ಥ.

ಈಗ ಆಕೆಯ ಕ್ಯಾಲೆಂಡರ್ ನೋಡೋಣ. ಹಾರ್ಮೋನ್ ಇದ್ದ ಕೊನೆಯ ಮಾತ್ರೆ ಜನವರಿ 5ಕ್ಕೆ, ರಕ್ತಸ್ರಾವ 8ಕ್ಕೆ. ಅಲ್ಲಿಂದ 21ನೇ ದಿನ, ಅಂದರೆ 28ಕ್ಕೆ, ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದರು. ಅಂಡ ಬಿಡುಗಡೆಯಾದ ನಂತರ ಏರುವ ಹಾರ್ಮೋನ್ ಅದು. ಮಿಲಿಲೀಟರ್‌ಗೆ 3 ನ್ಯಾನೋಗ್ರಾಂ ದಾಟಿದರೆ ಅಂಡ ಬಿಡುಗಡೆಯಾಗಿದೆ ಎನ್ನುತ್ತೇವೆ. ಆಕೆಗೆ 1 ಕೂಡ ಇರಲಿಲ್ಲ.

ತಪ್ಪಿದ್ದು ಅಂಡಾಶಯವಲ್ಲ, ಪರೀಕ್ಷೆಯ ದಿನ. 21ನೇ ದಿನದ ಲೆಕ್ಕ 28 ದಿನದ ಚಕ್ರದವರಿಗೆ. ನಿಜವಾಗಿ ಮಾಡಿಸಬೇಕಾದದ್ದು ಮುಂದಿನ ಮುಟ್ಟಿಗೆ 7 ದಿನ ಮೊದಲು. ಆಕೆಗೆ ಮುಟ್ಟು ಬಂದದ್ದು ಫೆಬ್ರವರಿ 21ಕ್ಕೆ, 44 ದಿನ ಕಳೆದ ಮೇಲೆ. ಹದಿನಾಲ್ಕು ದಿನ ಹಿಂದೆ ಎಣಿಸಿದರೆ ಅಂಡ ಬಿಡುಗಡೆಯಾದದ್ದು ಫೆಬ್ರವರಿ 7ರ ಸುಮಾರಿಗೆ. ಪರೀಕ್ಷೆ ಅದಕ್ಕಿಂತ 10 ದಿನ ಮೊದಲೇ ಆಗಿಹೋಗಿತ್ತು!

ಮುಂದಿನ ಚಕ್ರದಲ್ಲಿ ದಿನ ಊಹಿಸಲಾಗದ ಕಾರಣ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿದೆವು. ಮಾರ್ಚ್ 15ಕ್ಕೆ ಕಡಿಮೆ, 22ಕ್ಕೆ 11. ಮಾರ್ಚ್ 29ಕ್ಕೆ ಮುಟ್ಟು ಬಂತು. ಚಕ್ರ 36 ದಿನಕ್ಕೆ ಇಳಿದಿತ್ತು, ಅದರ ಮುಂದಿನದು 31ಕ್ಕೆ. ಔಷಧಿ ಏನೂ ಕೊಡಲಿಲ್ಲ.

ಅಹಮದಾಬಾದ್‌ನ ಇನ್ನೊಬ್ಬರ ಕತೆ ಇದಕ್ಕೆ ತದ್ವಿರುದ್ಧ. 'ಮುಟ್ಟು ಸರಿಯಾಗಿ ಬರಲಿ, ಆಮೇಲೆ ನೋಡೋಣ' ಎಂದುಕೊಂಡಿದ್ದರು. ನಿಜವಾದ ಮುಟ್ಟು ಬರುವ ಮೊದಲೇ ಗರ್ಭಿಣಿ. ಮೊದಲ ಅಂಡ ಮುಟ್ಟಿಗಿಂತ ಮುಂಚೆ ಬರುತ್ತದೆಂಬುದನ್ನು ಮರೆತರೆ ಹೀಗಾಗುತ್ತದೆ. ಇಂಥವರಿಗೆ ಕೊನೆಯ ಮುಟ್ಟಿನಿಂದ ಹೆರಿಗೆ ದಿನಾಂಕ ಲೆಕ್ಕ ಹಾಕಲಾಗದು, ಆರಂಭದಲ್ಲೇ ಸ್ಕ್ಯಾನ್ ಬೇಕು. ಮಗು ಬೇಕೆನ್ನುವವರು ಮಾತ್ರೆ ನಿಲ್ಲಿಸುವ ಹೊತ್ತಿಗೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುಮಾಡುವುದು ಒಳ್ಳೆಯದು. ಈಗಲೇ ಬೇಡ ಎನ್ನುವವರು ಅದೇ ದಿನದಿಂದ ಬೇರೆ ವಿಧಾನ ಬಳಸಬೇಕು.

ಯುರೋಪಿನಲ್ಲಿ ಮಾತ್ರೆ ನಿಲ್ಲಿಸಿದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದಾಗ ಮೊದಲ ಚಕ್ರದಲ್ಲೇ ಶೇ 21ರಷ್ಟು, ವರ್ಷದೊಳಗೆ ಶೇ 79ರಷ್ಟು ಮಂದಿ ಗರ್ಭಿಣಿಯರಾದರು. ಎಷ್ಟು ವರ್ಷ ನುಂಗಿದ್ದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದಿನ ಲೆಕ್ಕ ಬೇರೆ, ಅದು ನಿಂತ ಮೇಲೆ ಗರ್ಭ ನಿಲ್ಲಲು ಹೆಚ್ಚು ತಿಂಗಳು ಹಿಡಿಯುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮಾತ್ರೆಗೆ ಅರ್ಧ ಅಪವಾದ.

ಹಾಗೆಂದು ಕಾಯುತ್ತಲೇ ಇರಬಾರದು. ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ ಮೊದಲು ಗರ್ಭ ಪರೀಕ್ಷೆ, ನಂತರ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪಿಸಿಒಡಿ ನೋಡಿಸಬೇಕು. ಮಾತ್ರೆಗೆ ಮುಂಚೆ ನಿಮ್ಮ ಮುಟ್ಟು ಹೇಗಿತ್ತು ಎಂದು ವೈದ್ಯರಿಗೆ ಹೇಳಿ. ಮೊದಲೇ ಇದ್ದ ಏರುಪೇರನ್ನು ಮಾತ್ರೆ ಮುಚ್ಚಿಟ್ಟಿರುತ್ತದೆ, ನಿಲ್ಲಿಸಿದಾಗ ಅದು ಹೊರಬರುತ್ತದೆ. ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ 35ರೊಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳಾದ ಮೇಲೆ ತಪಾಸಣೆಗೆ ಬರಬೇಕು.

ಸೂರತ್‌ನವರು ಮೂರೂ ತಾರೀಕುಗಳನ್ನು ಗುರುತು ಹಾಕಿದ ಕ್ಯಾಲೆಂಡರ್‌ನ ಫೋಟೊ ತೆಗೆದು ಅತ್ತೆಗೆ ಕಳಿಸಿದರಂತೆ. "ಅತ್ತೆ ಏನಂದ್ರು?" ಎಂದೆ. "ಏನೂ ಅನ್ನಲಿಲ್ಲ ಮೇಡಂ. ಸಂಜೆ ಫೋನ್ ಮಾಡಿ, ಊಟ ಸರಿಯಾಗಿ ಮಾಡ್ತಿದೀಯೇನಮ್ಮ ಅಂತ ಕೇಳಿದ್ರು."

(ಲೇಖಕಿ ವಡೋದರಾದಲ್ಲಿ ಸ್ತ್ರೀರೋಗ ತಜ್ಞೆ)