ಬಿಲ್ಲಿನ ರಾಶಿಯಲ್ಲಿ ಅಡಗಿದ ಎಂಬತ್ತು ಗಿರಾಕಿಗಳು

ಊರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯ ಒಂದು ವರ್ಷದ ಬಿಲ್ಲುಗಳನ್ನು ಗಿರಾಕಿಯ ಹೆಸರಿನಂತೆ ಕೂಡಿಸಿ, ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಜೋಡಿಸಿ ನೋಡಿ. ಎಲ್ಲಕ್ಕಿಂತ ಮೇಲೆ ಬಂದು ಕೂರುವ ಹೆಸರು ಬಹಳ ಸಲ ಯಾವ ಮನುಷ್ಯನದೂ ಆಗಿರುವುದಿಲ್ಲ. ಅಲ್ಲಿ 'ನಗದು' ಎಂದಿರುತ್ತದೆ. ಹೆಸರು ಕೇಳದೆ ಹರಿದುಕೊಟ್ಟ ಬಿಲ್ಲುಗಳೆಲ್ಲ ಆ ಒಂದೇ ಖಾತೆಗೆ ಹೋಗಿ ಬಿದ್ದಿರುತ್ತವೆ. ಕೆಳಗೆ ಎರಡನೆಯ ಸಾಲಿನಲ್ಲಿರುವ ಗುತ್ತಿಗೆದಾರರು ಏಳನೆಯ ಸಾಲಿನಲ್ಲೂ ಇರುತ್ತಾರೆ, ಇಪ್ಪತ್ತೊಂದನೆಯ ಸಾಲಿನಲ್ಲೂ ಇರುತ್ತಾರೆ. ಒಂದು ಕಡೆ 'ಮಂಜುನಾಥ ಎಲೆಕ್ಟ್ರಿಕಲ್ಸ್', ಇನ್ನೊಂದು ಕಡೆ 'ಮಂಜು ಎಲೆಕ್ಟ್ರಿಕಲ್', ಮತ್ತೊಂದು ಕಡೆ ಅವರ ಪತ್ನಿಯ ಹೆಸರಿನ ಸಂಸ್ಥೆ. ಅಂಗಡಿಗೆ ಬರುವವರು ಮಾತ್ರ ಒಬ್ಬರೇ.

ವ್ಯಾಪಾರದ ಬಹುಪಾಲನ್ನು ಕೆಲವೇ ಗಿರಾಕಿಗಳು ತರುತ್ತಾರೆ ಎಂಬುದು ಗಲ್ಲೆಯ ಮೇಲೆ ಕೂತವರಿಗೆಲ್ಲ ಗೊತ್ತು. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಸಂಪತ್ತು ಕೆಲವರ ಕೈಯಲ್ಲೇ ಸೇರುವ ಬಗೆಯನ್ನು 19ನೆಯ ಶತಮಾನದ ಕೊನೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಾರ್ಖಾನೆಗಳ ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಅದೇ ನೋಟವನ್ನು ಇತರ ಲೆಕ್ಕಗಳಿಗೂ ಹಚ್ಚಿ, ಪರೇಟೊ ಹೆಸರಿನಲ್ಲೇ ಬಳಕೆಗೆ ತಂದರು. ಶೇ. 20 ಗಿರಾಕಿಗಳಿಂದ ಶೇ. 80 ವ್ಯಾಪಾರ ಎಂಬ ಮಾತು ಹುಟ್ಟಿದ್ದು ಹೀಗೆ. ಆದರೆ ಇದು ಪ್ರಕೃತಿ ನಿಯಮವಲ್ಲ. ಒಂದು ಅಂಗಡಿಯಲ್ಲಿ ಪ್ರಮಾಣ 20ಕ್ಕೆ 65 ಇದ್ದೀತು, ಇನ್ನೊಂದರಲ್ಲಿ 10ಕ್ಕೆ 75 ಇದ್ದೀತು. ತನ್ನ ಅಂಗಡಿಯದು ಎಷ್ಟು ಎಂಬುದನ್ನು ಅವರವರ ಬಿಲ್ಲುಗಳೇ ಹೇಳಬೇಕು.

ಒಂದು ಲೆಕ್ಕ ಮಾಡಿಯೇ ನೋಡಬಹುದು. ದಾವಣಗೆರೆಯಂಥ ಊರಿನಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ ಇದೆ ಎಂದುಕೊಳ್ಳೋಣ. ವೈರು, ಸ್ವಿಚ್ಚು, ಫ್ಯಾನು, ಪಂಪಿನ ಸ್ಟಾರ್ಟರ್ ಅಲ್ಲಿನ ಮುಖ್ಯ ಮಾಲು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹೆಸರಿನ ಮೇಲೆ ಬಿಲ್ಲಾದ ವ್ಯಾಪಾರ 2 ಕೋಟಿ ರೂಪಾಯಿ, ಗಿರಾಕಿಗಳು 400. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯಂಥ ಬಿಲ್ಲಿಂಗ್ ತಂತ್ರಾಂಶ ಇದ್ದರೆ ಮಾರಾಟದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವುದು ಕೆಲವೇ ನಿಮಿಷದ ಕೆಲಸ. ಹೆಚ್ಚು ಹೊತ್ತು ಹಿಡಿಯುವುದು ಪಟ್ಟಿಯನ್ನು ಹಸನು ಮಾಡುವ ಕೆಲಸ.

ಮೊದಲು ಹೆಸರುಗಳನ್ನು ಒಂದುಗೂಡಿಸಬೇಕು. ಜಿಎಸ್‌ಟಿ ನೋಂದಣಿ ಇರುವ ಗಿರಾಕಿಗಳಲ್ಲಿ ಇದು ಸುಲಭ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ 3ರಿಂದ 12ನೆಯದರವರೆಗಿನ ಭಾಗ ಪ್ಯಾನ್ ಸಂಖ್ಯೆಯೇ ಆಗಿರುವುದರಿಂದ, ಹೆಸರು ಹೇಗೆ ಬರೆದಿದ್ದರೂ ಸಂಸ್ಥೆ ಒಂದೇ ಎಂದು ತಿಳಿಯುತ್ತದೆ. ನೋಂದಣಿ ಇಲ್ಲದವರನ್ನು ಮೊಬೈಲ್ ನಂಬರಿನಿಂದ ಗುರುತಿಸಬೇಕು. ನಂಬರ್ ಕೊಡಲೇಬೇಕೆಂದು ಗಿರಾಕಿಯನ್ನು ಒತ್ತಾಯಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಹಾಗಾಗಿ ಏತಕ್ಕೆಂದು ಹೇಳಿ, ಕೊಟ್ಟರೆ ಬರೆದುಕೊಳ್ಳುವುದು ಸರಿ. ಗಂಡ ಹೆಂಡತಿಯ ಹೆಸರಿನ ಎರಡು ಸಂಸ್ಥೆಗಳಂಥ ತೊಡಕುಗಳನ್ನು ಯಾವ ಸಂಖ್ಯೆಯೂ ಬಿಡಿಸುವುದಿಲ್ಲ. ಅದಕ್ಕೆ ಕೌಂಟರಿನಲ್ಲಿ ನಿಂತು ಪಳಗಿದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಟ್ಟಿ ಓದಬೇಕು.

ಆಮೇಲೆ ಮೊತ್ತ. ಬಿಲ್ಲಿನಲ್ಲಿರುವ ಜಿಎಸ್‌ಟಿ ಸರ್ಕಾರದ್ದು, ಅದನ್ನು ಬಿಡಬೇಕು. ವಾಪಸು ಬಂದ ಮಾಲಿನ ಮೊತ್ತವನ್ನೂ ಕಳೆಯಬೇಕು. ಕೆಲಸದ ಜಾಗಕ್ಕೆ ಹತ್ತು ಸುರುಳಿ ವೈರು ಒಯ್ದು ನಾಲ್ಕನ್ನು ತಿರುಗಿ ತಂದುಕೊಡುವುದು ಈ ವ್ಯಾಪಾರದಲ್ಲಿ ದಿನದ ಮಾತು. ಹೀಗೆ ಉಳಿದ ಮೊತ್ತವನ್ನು 'ಬಿ' ಕಾಲಂನಲ್ಲಿ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಪಕ್ಕದ ಕಾಲಂನಲ್ಲಿ ಈ ಸೂತ್ರ ಹಾಕಿ ಕೊನೆಯ ಸಾಲಿನವರೆಗೆ ಎಳೆದರೆ ಸಾಕು:

```
=SUM($B$2:B2)/SUM($B$2:$B$401)
```

ಪ್ರತಿ ಸಾಲಿಗೂ, ಅಲ್ಲಿಯವರೆಗಿನ ಗಿರಾಕಿಗಳೆಲ್ಲ ಸೇರಿ ಒಟ್ಟು ವ್ಯಾಪಾರದ ಎಷ್ಟು ಪಾಲು ತಂದರು ಎಂಬುದು ಕಾಣುತ್ತದೆ. ನಮ್ಮ ಲೆಕ್ಕದ ಅಂಗಡಿಯಲ್ಲಿ ಮೊದಲ 80 ಹೆಸರು ಮುಗಿಯುವಾಗ 1 ಕೋಟಿ 42 ಲಕ್ಷ, ಅಂದರೆ ಶೇ. 71 ಆಯಿತು ಎನ್ನೋಣ. ಉಳಿದ 320 ಮಂದಿಯದು 58 ಲಕ್ಷ. ಬಹಳ ಅಂಗಡಿಯವರು ಇಲ್ಲಿಗೇ ನಿಲ್ಲಿಸಿ, ಈ 80 ಮಂದಿಗೆ ದೀಪಾವಳಿಯ ಸಿಹಿ ಡಬ್ಬಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಆದರೆ ಇದು ಹೆಚ್ಚು ಕೊಂಡವರ ಪಟ್ಟಿ. ಹೆಚ್ಚು ಉಳಿಸಿಕೊಟ್ಟವರ ಪಟ್ಟಿ ಬೇರೆಯೇ ಇರುತ್ತದೆ.

ಪಟ್ಟಿಯ ತುದಿಯಲ್ಲಿರುವ ಗುತ್ತಿಗೆದಾರರು ವರ್ಷಕ್ಕೆ 9 ಲಕ್ಷದ ಮಾಲು ಒಯ್ಯುತ್ತಾರೆ. ಚೌಕಾಸಿ ಮಾಡಿ ದರ ಇಳಿಸಿರುವುದರಿಂದ ಅಂಗಡಿಗೆ ಸಿಗುವ ಲಾಭ ಶೇ. 6, ಅಂದರೆ 54,000 ರೂಪಾಯಿ. ಅದೂ ಉದ್ರಿ. ಹಣ ಬರುವುದು 120 ದಿನಕ್ಕೆ. ಅಂಗಡಿಯವರು ಬ್ಯಾಂಕಿನಿಂದ ಶೇ. 12ರ ಬಡ್ಡಿಗೆ ಸಾಲ ತಂದು ವ್ಯಾಪಾರ ನಡೆಸುತ್ತಿದ್ದರೆ, ಆ 120 ದಿನಗಳ ಬಡ್ಡಿಯೇ 35,500 ರೂಪಾಯಿಯಷ್ಟಾಗುತ್ತದೆ. ಕೈಯಲ್ಲಿ ಉಳಿಯುವುದು ಹದಿನೆಂಟೂವರೆ ಸಾವಿರ. ಹದಿನೈದನೆಯ ಸಾಲಿನಲ್ಲಿ ಪಂಪು ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರದು 4 ಲಕ್ಷದ ಖರೀದಿ, ಶೇ. 14ರ ಲಾಭ, ಹದಿನೈದು ದಿನದೊಳಗೆ ಹಣ. 56,000ದಲ್ಲಿ ಬಡ್ಡಿಗೆ ಹೋಗುವುದು ಎರಡು ಸಾವಿರಕ್ಕಿಂತ ಕಡಿಮೆ, ಉಳಿಯುವುದು 54,000. ಅರ್ಧದಷ್ಟೂ ಮಾಲು ಒಯ್ಯದ ಈ ಗಿರಾಕಿ ಅಂಗಡಿಗೆ ಮೊದಲಿನವರ ಮೂರು ಪಟ್ಟು ಉಳಿಸಿಕೊಡುತ್ತಾರೆ. ಹೀಗೆ ಲಾಭದಿಂದ ಉದ್ರಿಯ ಬಡ್ಡಿ ಕಳೆದು ಪಟ್ಟಿಯನ್ನು ಮತ್ತೆ ಜೋಡಿಸಿದಾಗ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಆಗುತ್ತಾರೆ.

ಅಮೆರಿಕದಲ್ಲಿ ಇದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ಕಂಡುಕೊಂಡದ್ದು ಹರಾಸ್ ಎಂಬ ಕ್ಯಾಸಿನೊ ಕಂಪನಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಗ್ಯಾರಿ ಲವ್‌ಮನ್ 1998ರಲ್ಲಿ ಅಲ್ಲಿಗೆ ಅಧಿಕಾರಿಯಾಗಿ ಹೋದರು. ಆಟಗಾರರ ಕಾರ್ಡಿನಲ್ಲಿ ದಾಖಲಾಗಿದ್ದ ಲೆಕ್ಕ ತೆಗೆದಾಗ, ಶೇ. 26 ಗಿರಾಕಿಗಳು ಶೇ. 82 ಆದಾಯ ತರುತ್ತಿದ್ದದ್ದು ಕಂಡಿತು ಎಂದು ಅವರು 2003ರಲ್ಲಿ ಬರೆದಿದ್ದಾರೆ. ಆ ಶೇ. 26 ಮಂದಿ ಯಾರೆಂಬುದು ಇನ್ನೂ ದೊಡ್ಡ ಅಚ್ಚರಿ. ಎಲ್ಲ ಕ್ಯಾಸಿನೊಗಳೂ ಬೆನ್ನುಹತ್ತುತ್ತಿದ್ದ ಶ್ರೀಮಂತ ಜೂಜುಕೋರರು ಅವರಲ್ಲ. ಮಧ್ಯವಯಸ್ಸು ದಾಟಿದ ಮೇಷ್ಟ್ರುಗಳು, ಬ್ಯಾಂಕ್ ನೌಕರರು, ಕಾರ್ಖಾನೆಯ ಕೆಲಸಗಾರರು. ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಹೊತ್ತು ಆಡಿಹೋಗುವವರು.

ಅವರಿಗೆ ಏನು ಕೊಡಬೇಕೆಂಬುದನ್ನೂ ಹರಾಸ್ ಪರೀಕ್ಷೆ ಮಾಡಿಯೇ ತೀರ್ಮಾನಿಸಿತು. ಮಿಸಿಸಿಪಿ ರಾಜ್ಯದಲ್ಲಿ ಒಂದೇ ಬಗೆಯ ಗಿರಾಕಿಗಳ ಎರಡು ಗುಂಪು ಮಾಡಿದರು. ಒಂದಕ್ಕೆ ವಾಡಿಕೆಯಂತೆ ಬಿಟ್ಟಿ ಕೋಣೆ, ಎರಡು ಭರ್ಜರಿ ಊಟ, ಆಡಲು 30 ಡಾಲರಿನ ಬಿಲ್ಲೆ, ಒಟ್ಟು 125 ಡಾಲರಿನ ಕೊಡುಗೆ ಕಳಿಸಿದರು. ಇನ್ನೊಂದಕ್ಕೆ ಬರೀ 60 ಡಾಲರಿನ ಬಿಲ್ಲೆ. ಹೆಚ್ಚು ಆಟ ತಂದದ್ದು ಎರಡನೆಯದು. ರಾತ್ರಿ ಮನೆಗೆ ಮರಳುವವರಿಗೆ ಹೋಟೆಲಿನ ಕೋಣೆಯಿಂದ ಆಗಬೇಕಾದ್ದೇನೂ ಇರಲಿಲ್ಲ. ಅವರು ಬೇಸತ್ತಿದ್ದದ್ದು ಸಾಲಿನಲ್ಲಿ ಕಾಯುವುದಕ್ಕೆ. ಹೆಚ್ಚು ಬೆಲೆಯ ಗಿರಾಕಿಗಳಿಗೆ ಪ್ಲಾಟಿನಂ, ಡೈಮಂಡ್ ಕಾರ್ಡು ಕೊಟ್ಟು, ಅವರ ಸಾಲನ್ನು ಚಿಕ್ಕದು ಮಾಡಿತು ಕಂಪನಿ. ಜೂಜಿನ ದಂಧೆ ಎಂಬ ಆಕ್ಷೇಪ ಏನೇ ಇರಲಿ, ಗಿರಾಕಿಗೆ ಕೊಡುವ ಉಪಚಾರ ಅವನ ಅಡಚಣೆಗೆ ಹೊಂದಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಲೆಕ್ಕ ಸಿಗುವುದು ಅಪರೂಪ.

ಎಲೆಕ್ಟ್ರಿಕಲ್ ಅಂಗಡಿಯ ಒಳ್ಳೆಯ ಗಿರಾಕಿಗಳ ಅಡಚಣೆ ಬಿಲ್ಲಿನ ವೇಳೆಯಲ್ಲೇ ಕಾಣುತ್ತದೆ. ವೈರಿಂಗ್ ಗುತ್ತಿಗೆದಾರರ ಬಿಲ್ಲುಗಳು ಅಂಗಡಿ ತೆರೆದ ಮೊದಲ ಅರ್ಧ ಗಂಟೆಯಲ್ಲೇ ಮುಗಿಬಿದ್ದಿದ್ದರೆ, ಅವರ ಆಳುಗಳು ಕೆಲಸದ ಜಾಗದಲ್ಲಿ ಮಾಲಿಗಾಗಿ ಕಾಯುತ್ತಿದ್ದಾರೆ ಎಂದೇ ಅರ್ಥ. ಅವರಿಗೆ ಬೇಕಾದ್ದು ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆಯುವುದು, ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಕಳಿಸಿದ ಚೀಟಿಯ ಮಾಲನ್ನು ಕಟ್ಟಿಡುವುದು. ಪಂಪು ರಿಪೇರಿಯವರಿಗೆ ಬೇಸಿಗೆಯಲ್ಲಿ ಸ್ಟಾರ್ಟರ್, ಕೆಪಾಸಿಟರ್ ತಪ್ಪದೆ ಸಿಗಬೇಕು, ಏಕೆಂದರೆ ಪಂಪು ನಿಂತ ರೈತ ನಾಳೆಯವರೆಗೆ ಕಾಯುವುದಿಲ್ಲ.

ರಿಯಾಯಿತಿ ಕೊಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿಯೂ ಅದೇ. 4 ಲಕ್ಷದ ಗಿರಾಕಿಗೆ ಶೇ. 2 ಬಿಟ್ಟುಕೊಟ್ಟರೆ 8,000 ಹೋಯಿತು. ಅದು ಅವರಿಂದ ಬರುವ ಲಾಭದ ಏಳನೆಯ ಒಂದು ಪಾಲು. ಅವರು ಹೇಗೂ ಒಯ್ಯುತ್ತಿದ್ದ ಮಾಲನ್ನೇ ಒಯ್ಯುತ್ತಾರೆ. ಅಷ್ಟೇ ದುಡ್ಡಿನಲ್ಲಿ ತಿಂಗಳಿಗೆ ಮೂರು ನಾಲ್ಕು ಸಲ ಆಟೊದಲ್ಲಿ ಮಾಲನ್ನು ಅವರ ಬಾಗಿಲಿಗೇ ಮುಟ್ಟಿಸಬಹುದು.

ಈ 80 ಮಂದಿಯಲ್ಲಿ ಯಾರು ಕೈಬಿಟ್ಟು ಹೋಗುತ್ತಿದ್ದಾರೆ ಎಂಬ ಸುಳಿವೂ ಬಿಲ್ಲಿನಲ್ಲೇ ಇದೆ. ಮೂರು ತಿಂಗಳು ಬಾರದವರನ್ನೆಲ್ಲ ವಿಚಾರಿಸುವುದು ಎಂದು ಎಲ್ಲರಿಗೂ ಒಂದೇ ಗಡುವು ಇಟ್ಟರೆ ಉಪಯೋಗವಿಲ್ಲ. ಹತ್ತು ದಿನಕ್ಕೊಮ್ಮೆ ಬರುತ್ತಿದ್ದವರು ಒಂದು ತಿಂಗಳು ಕಾಣದಿದ್ದರೆ ಅಷ್ಟರಲ್ಲೇ ಬೇರೆ ಅಂಗಡಿ ಹಿಡಿದಿರುತ್ತಾರೆ. ಬೇಸಿಗೆಗೆ ಮುಂಚೆ ಮಾತ್ರ ಬರುವ ರೈತರು ಆರು ತಿಂಗಳು ಬಾರದಿದ್ದರೂ ಚಿಂತೆಯಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಎರಡು ಬಿಲ್ಲುಗಳ ನಡುವಿನ ಸರಾಸರಿ ಅಂತರ ತೆಗೆದು, ಅದರ ಎರಡರಷ್ಟು ದಿನ ಕಳೆದರೆ ಮಾಲೀಕರೇ ಒಂದು ಫೋನು ಮಾಡಬೇಕು. ಕಾರಣ ದರವೇ ಆಗಿರಬೇಕೆಂದಿಲ್ಲ. ಕೇಳಿದ ಕಂಪನಿಯ ಸ್ವಿಚ್ಚು ಎರಡು ಸಲ ಇಲ್ಲವೆಂದದ್ದೂ ಇರಬಹುದು, ವಾಪಸು ತಂದ ಮಾಲಿನ ಲೆಕ್ಕ ಖಾತೆಗೆ ಏರದೆ ಉಳಿದದ್ದೂ ಇರಬಹುದು.

ಪಟ್ಟಿ ಮೋಸ ಮಾಡುವ ಜಾಗವೂ ಒಂದಿದೆ. ಹೊಸ ಮನೆ ಕಟ್ಟಿಸಿದವರು ಒಂದೇ ಸಲಕ್ಕೆ ಎರಡು ಲಕ್ಷದ ಮಾಲು ಒಯ್ದು 80ರೊಳಗೆ ಬಂದಿರುತ್ತಾರೆ. ಅವರನ್ನು ಎಷ್ಟೇ ಉಪಚರಿಸಿದರೂ ಇನ್ನು ಹಲವು ವರ್ಷ ಅಂಥ ಬಿಲ್ಲು ಆಗುವುದಿಲ್ಲ. ಅಂಥವರು ಮರುವರ್ಷ ಪಟ್ಟಿಯಿಂದ ಇಳಿದದ್ದನ್ನು ಸೇವೆಯ ಸೋಲು ಎಂದು ಎಣಿಸುವುದೂ ತಪ್ಪು. ಆದ್ದರಿಂದ ವರ್ಷದಲ್ಲಿ ಕನಿಷ್ಠ ಆರು ತಿಂಗಳುಗಳಲ್ಲಿ ಬಿಲ್ಲು ಇರುವವರನ್ನು ಬೇರೆ ಮಾಡಿಟ್ಟುಕೊಂಡು, ಮುಂದಿನ ವರ್ಷ ಅವರಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನಷ್ಟೇ ಅಳೆಯಬೇಕು. ಉಳಿದ 320 ಮಂದಿಯನ್ನು ಕಡೆಗಣಿಸುವಂತೆಯೂ ಇಲ್ಲ. ಈಗಷ್ಟೇ ಸ್ವಂತ ಕೆಲಸ ಹಿಡಿದಿರುವ ಗುತ್ತಿಗೆದಾರರು ಇರುವುದು ಅಲ್ಲೇ.

ಮನೆ ಕಟ್ಟಿಸಿದವರ ಆ ಎರಡು ಲಕ್ಷದ ಬಿಲ್ಲಿನ ಹಿಂದೆ ಇನ್ನೊಬ್ಬರಿದ್ದಾರೆ. ಯಾವ ಅಂಗಡಿಗೆ ಹೋಗಬೇಕು, ಯಾವ ಕಂಪನಿಯ ವೈರು ತರಬೇಕು ಎಂದು ಹೇಳಿದ್ದು ಆ ಮನೆಯ ವೈರ್‌ಮ್ಯಾನ್. ಬಿಲ್ಲಾದದ್ದು ಮಾತ್ರ ಮನೆಯ ಯಜಮಾನರ ಹೆಸರಿಗೆ. ವೈರು, ಸ್ವಿಚ್ಚು ತಯಾರಿಸುವ ದೊಡ್ಡ ಕಂಪನಿಗಳು ಎಲೆಕ್ಟ್ರಿಷಿಯನ್ನರಿಗೆಂದೇ ಪಾಯಿಂಟುಗಳ ಬಹುಮಾನ ಯೋಜನೆ ನಡೆಸುವುದು ಇದೇ ಕಾರಣಕ್ಕೆ. ಅಂಗಡಿಯವರು ಮಾಡಬೇಕಾದ್ದು ಇಷ್ಟೇ: ಬಿಲ್ಲಿನ ಷರಾ ಜಾಗದಲ್ಲಿ 'ಯಾರ ಮೂಲಕ' ಎಂದು ಒಂದು ಹೆಸರು ಬರೆದುಕೊಳ್ಳುವುದು. ಮುಂದಿನ ಏಪ್ರಿಲ್‌ನಲ್ಲಿ ಆ ಹೆಸರಿನಂತೆ ಬಿಲ್ಲುಗಳನ್ನು ಕೂಡಿಸಿದರೆ, ಸ್ವಂತಕ್ಕೆ ಐದು ಸಾವಿರದ ಮಾಲೂ ಒಯ್ಯದ ವೈರ್‌ಮ್ಯಾನ್ ಒಬ್ಬರು ಎಂಟು ಹತ್ತು ಮನೆಗಳ ವ್ಯಾಪಾರ ತಂದು ಪಟ್ಟಿಯ ಮೊದಲ ಸಾಲುಗಳಲ್ಲಿ ಕಾಣಿಸಿಕೊಂಡಾರು. ಏಳೂವರೆಗೆ ತೆರೆದ ಕೌಂಟರಿನಲ್ಲಿ ಮೊದಲು ಯಾರ ಚೀಟಿ ಕೈಗೆತ್ತಿಕೊಳ್ಳಬೇಕು ಎಂಬುದು ಆಗ ಬೇರೆಯೇ ಆಗುತ್ತದೆ.