ಒಂದೇ ಸೂತ್ರದ ಎರಡು ಬಿಳಿ ಪುಡಿಗಳು

ಗೋಡೆಗೆ ಬಳಿಯುವ ಪೇಂಟಿನ ಬಿಳುಪಿಗೆ ಮುಖ್ಯ ಕಾರಣ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಸೂತ್ರ TiO₂. ಇದು ಮುಖ್ಯವಾಗಿ ಎರಡು ರೂಪಗಳಲ್ಲಿ ಮಾರಾಟಕ್ಕೆ ಬರುತ್ತದೆ: ಅನಟೇಸ್ ಮತ್ತು ರೂಟೈಲ್. ಎರಡೂ ಬೆಳ್ಳಗಿವೆ, ಎರಡೂ ನೀರಿನಲ್ಲಿ ಕರಗುವುದಿಲ್ಲ. ರಾಸಾಯನಿಕ ವಿಶ್ಲೇಷಣೆಗೆ ಕೊಟ್ಟರೆ ಎರಡರಲ್ಲೂ ತೂಕದ ಶೇ. 60ರಷ್ಟು ಟೈಟಾನಿಯಂ, ಉಳಿದದ್ದು ಆಕ್ಸಿಜನ್ ಎಂಬ ಒಂದೇ ಉತ್ತರ ಬರುತ್ತದೆ. ಆದರೆ ಬಿಸಿಲಿಗೆ ಮೈಯೊಡ್ಡುವ ಹೊರಗೋಡೆಯ ಪೇಂಟಿಗೆ ಅನಟೇಸ್ ಹಾಕಿದರೆ, ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಂಡು ತನ್ನನ್ನು ಹಿಡಿದಿಟ್ಟಿರುವ ಅಂಟನ್ನೇ ಒಡೆಯುತ್ತದೆ. ಗೋಡೆ ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ರೂಟೈಲ್ ಆ ಮಟ್ಟಿಗೆ ಹಾನಿ ಮಾಡುವುದಿಲ್ಲ. ಹಾಗಾಗಿ ಹೊರಗೋಡೆಗೆ ರೂಟೈಲ್ ಬೇಕು. ಬೆಳಕಿನಿಂದ ಕೊಳೆಯನ್ನು ಒಡೆಯುವ ಲೇಪನಕ್ಕಾದರೆ ಅನಟೇಸ್‌ನ ಅದೇ ಗುಣ ಬೇಕಾಗುತ್ತದೆ.

ಚೀಲದೊಳಗೆ ಇರುವುದು ಯಾವುದು ಎಂದು ಹೇಳಬಲ್ಲ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪೌಡರ್ ಎಕ್ಸ್-ರೇ ಡಿಫ್ರಾಕ್ಷನ್. ಪ್ರಯೋಗಾಲಯದವರ ಬಾಯಲ್ಲಿ ಅದು ಎಕ್ಸ್‌ಆರ್‌ಡಿ. ಅದರ ವರದಿಯಲ್ಲಿ ಒಂದು ಗ್ರಾಫ್ ಇರುತ್ತದೆ. ಕೆಳಗೆ ಕೋನ, ಮೇಲಕ್ಕೆ ಎಕ್ಸ್-ರೇಯ ತೀವ್ರತೆ, ನಡುವೆ ಸೂಜಿಯಂತೆ ಎದ್ದ ಪೀಕ್‌ಗಳು. ಪಕ್ಕದಲ್ಲಿ ‘ಗುರುತಿಸಲಾದ ಫೇಸ್‌ಗಳು’ ಎಂಬ ಪಟ್ಟಿ. ಫೇಸ್ ಅಂದರೆ ಇಲ್ಲಿ ಪರಮಾಣುಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಜೋಡಣೆಯಾದ ಘನವಸ್ತು. ಅನಟೇಸ್ ಒಂದು ಫೇಸ್, ರೂಟೈಲ್ ಇನ್ನೊಂದು. ಗ್ರಾಫಿನಿಂದ ಆ ಪಟ್ಟಿಗೆ ಹೋಗುವ ದಾರಿ ಯಾವುದು, ಅದರಲ್ಲಿ ಎಲ್ಲಿ ಜಾರುತ್ತೇವೆ ಎಂಬುದನ್ನು ಈ ಬಿಳಿ ಪುಡಿಯ ಮೂಲಕವೇ ನೋಡೋಣ.

ಅಡಿಕೆ ತೋಟದ ಬದುವಿನ ಮೇಲೆ ನಡೆಯುತ್ತ ಹೋದರೆ ಮರಗಳು ಒಮ್ಮೆ ನೇರ ಸಾಲುಗಳಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಮುಂದೆ ಓರೆಯಾಗಿ ನೋಡಿದರೆ ಅವೇ ಮರಗಳು ಇನ್ನಷ್ಟು ಒತ್ತಾದ ಬೇರೆ ಸಾಲುಗಳಾಗುತ್ತವೆ. ಸಾಲುಗಳ ನಡುವಿನ ಅಂತರಗಳೆಲ್ಲ ಗಿಡ ನೆಟ್ಟ ಕ್ರಮದಿಂದಲೇ ಬಂದವು. ನೆಡುವ ಅಳತೆ ಬದಲಾದರೆ ಅಂತರಗಳೂ ಬದಲಾಗುತ್ತವೆ. ಸ್ಫಟಿಕದೊಳಗೆ ಪರಮಾಣುಗಳ ಸಾಲುಗಳು ಹೀಗೆಯೇ ಹಲವು ದಿಕ್ಕಿನಲ್ಲಿ, ಹಲವು ಅಂತರಗಳಲ್ಲಿ ಸಿಗುತ್ತವೆ. ಈ ಅಂತರಕ್ಕೆ d ಎಂಬ ಗುರುತು. ಅನಟೇಸ್‌ನಲ್ಲಿ ಅತಿ ಪ್ರಬಲ ಪೀಕ್ ಕೊಡುವ ಪದರಗಳ ಅಂತರ 3.52 ಆಂಗ್‌ಸ್ಟ್ರಾಮ್, ರೂಟೈಲ್‌ನಲ್ಲಿ 3.25. ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ.

ಇಷ್ಟು ಸಣ್ಣ ಅಂತರವನ್ನು ಅಳೆಯಲು ಅಷ್ಟೇ ಸಣ್ಣ ತರಂಗ ಬೇಕು. ತಾಮ್ರದ ಟ್ಯೂಬಿನಿಂದ ಹೊರಡುವ ಎಕ್ಸ್-ರೇಯ ತರಂಗಾಂತರ 1.5406 ಆಂಗ್‌ಸ್ಟ್ರಾಮ್. ಈ ಕಿರಣ ಪುಡಿಯ ಮೇಲೆ ಬಿದ್ದಾಗ ಮೇಲಿನ ಪದರದಿಂದ ಒಂದಿಷ್ಟು, ಅದರ ಕೆಳಗಿನದರಿಂದ ಒಂದಿಷ್ಟು ಚಿಮ್ಮುತ್ತದೆ. ಕೆಳಗಿನ ಪದರಕ್ಕೆ ಹೋಗಿ ಬಂದದ್ದು ತುಸು ಹೆಚ್ಚು ದೂರ ನಡೆದಿರುತ್ತದೆ. ಆ ಹೆಚ್ಚುವರಿ ದೂರ ಸರಿಯಾಗಿ ಒಂದು ತರಂಗದಷ್ಟಿದ್ದರೆ ಎಲ್ಲ ಪದರಗಳಿಂದ ಬಂದ ಅಲೆಗಳು ಒಂದಕ್ಕೊಂದು ಕೂಡಿಕೊಂಡು ಬಲವಾಗುತ್ತವೆ. ಇಲ್ಲವಾದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ರ್ಯಾಗ್ ತಂದೆ-ಮಗ ಈ ಮಾತನ್ನು ಸೂತ್ರಕ್ಕಿಳಿಸಿದ ಬಗೆ ಇದು:

λ = 2d sinθ

ಗ್ರಾಫಿನಲ್ಲಿ ನಮೂದಾಗುವುದು θ ಅಲ್ಲ, ಅದರ ಎರಡರಷ್ಟು, ಅಂದರೆ 2θ. ನಮ್ಮ ಪುಡಿಯ ದೊಡ್ಡ ಪೀಕ್ 25.3 ಡಿಗ್ರಿಯಲ್ಲಿದೆ ಎನ್ನೋಣ. ಅರ್ಧ ಮಾಡಿದರೆ 12.65. ಅದರ ಸೈನ್ 0.219. ಇದರ ಎರಡರಷ್ಟರಿಂದ 1.5406ನ್ನು ಭಾಗಿಸಿದರೆ 3.52 ಬರುತ್ತದೆ. ಅದು ಅನಟೇಸ್‌ನ ಅಂತರ.

ಪುಡಿ ಮಾಡುವುದಕ್ಕೂ ಕಾರಣವಿದೆ. ಒಂದೇ ದೊಡ್ಡ ಹರಳನ್ನು ಇಟ್ಟರೆ ಅದರ ಪದರಗಳು ಸರಿಯಾದ ಕೋನಕ್ಕೆ ಬರುವಂತೆ ಹರಳನ್ನು ತಿರುಗಿಸುತ್ತಲೇ ಇರಬೇಕು. ನುಣ್ಣನೆ ಪುಡಿಯಲ್ಲಾದರೆ ಅಸಂಖ್ಯ ಚೂರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಯಾವ ಕೋನಕ್ಕೆ ಹೋದರೂ ಅಲ್ಲಿಗೆ ಹೊಂದುವ ಚೂರುಗಳು ಇದ್ದೇ ಇರುತ್ತವೆ. 1916ರಲ್ಲಿ ಡಿಬೈ ಮತ್ತು ಶೆರರ್ ಈ ಪುಡಿ ವಿಧಾನವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಆಲ್ಬರ್ಟ್ ಹಲ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡರು. ಆದರೆ ಸಾಮಾನ್ಯ ಪ್ರಯೋಗಾಲಯದ ಮಟ್ಟಿಗೆ ನಿಜವಾದ ತಿರುವು ಬಂದದ್ದು 1938ರಲ್ಲಿ ಎಂದು ನನ್ನ ಅಭಿಪ್ರಾಯ. ಡೌ ಕೆಮಿಕಲ್ ಕಂಪನಿಯ ಹನಾವಾಲ್ಟ್, ರಿನ್ ಮತ್ತು ಫ್ರೆವೆಲ್ ಸಾವಿರ ವಸ್ತುಗಳ d ಅಂತರಗಳನ್ನೂ ಪೀಕ್‌ಗಳ ಬಲವನ್ನೂ ಕೋಷ್ಟಕ ಮಾಡಿ ಅಚ್ಚು ಹಾಕಿಸಿದರು. ಅತಿ ಎತ್ತರದ ಮೂರು ಪೀಕ್‌ಗಳನ್ನು ಹಿಡಿದು ಹುಡುಕಿದರೆ ವಸ್ತು ಸಿಗುವಂತೆ ಜೋಡಿಸಿದ್ದರು. 1941ರಿಂದ ಅದು ಕಾರ್ಡುಗಳ ರೂಪಕ್ಕೆ ಬಂತು. ಈಗ ಕಂಪ್ಯೂಟರಿನೊಳಗೆ ಸೇರಿದ್ದರೂ ಹೆಸರು ಮಾತ್ರ ಕಾರ್ಡ್ ಎಂದೇ ಉಳಿದಿದೆ: ಅನಟೇಸ್‌ನದು 21-1272, ರೂಟೈಲ್‌ನದು 21-1276.

ಈಗ ವರದಿಯನ್ನು ಓದೋಣ. ಪುಡಿಯನ್ನು ಅಗೇಟ್ ಕಲ್ಲಿನ ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಅಲ್ಯೂಮಿನಿಯಂ ಹೋಲ್ಡರಿನ ಕುಳಿಗೆ ತುಂಬಿ, ಗಾಜಿನ ಪಟ್ಟಿಯಿಂದ ಮಟ್ಟ ಮಾಡಿ, ಯಂತ್ರದಲ್ಲಿಟ್ಟು 20ರಿಂದ 80 ಡಿಗ್ರಿವರೆಗೆ ಓಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಎತ್ತರದ ಪೀಕ್ 25.3ರಲ್ಲಿ. ಇಷ್ಟಕ್ಕೇ ‘ಅನಟೇಸ್’ ಎಂದು ಬರೆದು ಮುಗಿಸುವವರಿದ್ದಾರೆ, ಅದು ತಪ್ಪು. ಟೈಟಾನಿಯಂ ಡೈಆಕ್ಸೈಡಿಗೆ ಬ್ರೂಕೈಟ್ ಎಂಬ ಮೂರನೆಯ ರೂಪವೂ ಇದೆ, ಅದರ ದೊಡ್ಡ ಪೀಕ್ ಕೂಡ ಸರಿಸುಮಾರು 25.3ರಲ್ಲೇ ಬರುತ್ತದೆ. ಇವೆರಡನ್ನು ಬೇರ್ಪಡಿಸುವ ಜಾಗ 30.8 ಡಿಗ್ರಿ. ಬ್ರೂಕೈಟ್‌ಗೆ ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರದ ಇನ್ನೊಂದು ಪೀಕ್ ಇರಬೇಕು. ಅನಟೇಸ್‌ಗೆ ಅಲ್ಲಿ ಏನೂ ಇಲ್ಲ. ನಮ್ಮ ಗ್ರಾಫಿನಲ್ಲಿ 30.8 ಸಪಾಟಾಗಿದೆ. ಅಂದರೆ ಕಾಣುವಷ್ಟು ಬ್ರೂಕೈಟ್ ಇಲ್ಲ. ಇರಬೇಕಾದಲ್ಲಿ ಪೀಕ್ ಇದೆಯೇ ಎಂಬಷ್ಟೇ ಮುಖ್ಯವಾದ ಪ್ರಶ್ನೆ, ಇರಬಾರದ ಕಡೆ ಇಲ್ಲವೇ ಎಂಬುದು.

ಮುಂದೆ 37.8 ಮತ್ತು 48.0ರಲ್ಲಿ ಪೀಕ್‌ಗಳಿವೆ. ಕಾರ್ಡಿನ ಪ್ರಕಾರ ದೊಡ್ಡದನ್ನು 100 ಎಂದುಕೊಂಡರೆ ಇವು 20 ಮತ್ತು 35ರ ಎತ್ತರಕ್ಕಿರಬೇಕು, ಹಾಗೆಯೇ ಇವೆ. ಸ್ಥಾನವೂ ಎತ್ತರವೂ ಹೊಂದಿದವು, ಅನಟೇಸ್ ನಿಂತಿತು. ಆದರೆ 27.4, 36.1, 41.2, 54.3ರಲ್ಲಿರುವ ಪೀಕ್‌ಗಳು ಅನಟೇಸ್‌ನವಲ್ಲ. ಅವನ್ನು ರೂಟೈಲ್ ಕಾರ್ಡಿನ ಪಕ್ಕ ಇಟ್ಟರೆ ಒಂದೂ ಬಿಡದೆ ಕೂರುತ್ತವೆ. ಎರಡು ಫೇಸ್‌ಗಳ ಮಿಶ್ರಣ ಎಂದು ಖಚಿತವಾಯಿತು. ಅನಟೇಸ್ ತಯಾರಿಸುವಾಗ ಕುಲುಮೆಯ ಕಾವು ಏರಿದರೆ ಅದು ರೂಟೈಲ್ ಆಗಿ ಬದಲಾಗುತ್ತದೆ, ಆರಿಸಿದರೂ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಇಂಥ ಮಿಶ್ರಣ ಅಪರೂಪವೇನಲ್ಲ.

ಇನ್ನೂ ಒಂದು ಪುಟ್ಟ ಪೀಕ್ 44.7ರಲ್ಲಿ ಉಳಿದುಬಿಟ್ಟಿದೆ. ಅದು ಅನಟೇಸ್‌ನದೂ ಅಲ್ಲ, ರೂಟೈಲ್‌ನದೂ ಅಲ್ಲ. ಕಲಬೆರಕೆ ಎಂದು ಗಾಬರಿಯಾಗುವ ಮೊದಲು ಹೋಲ್ಡರನ್ನು ನೆನಪಿಸಿಕೊಳ್ಳಬೇಕು: ಅಲ್ಯೂಮಿನಿಯಂ ಲೋಹದ ಒಂದು ಪೀಕ್ ಸರಿಯಾಗಿ ಅಲ್ಲಿಯೇ ಬರುತ್ತದೆ. ಕುಳಿಗೆ ಪುಡಿ ಕಡಿಮೆ ಬಿದ್ದಾಗ ಕಿರಣ ಲೋಹಕ್ಕೂ ತಗಲುತ್ತದೆ. ಪೀಕ್ ಬಾರದಂತೆ ಕತ್ತರಿಸಿದ ಸಿಲಿಕಾನ್ ಬಿಲ್ಲೆಯ ಮೇಲೆ ಅದೇ ಪುಡಿಯನ್ನಿಟ್ಟು ಮತ್ತೆ ಓಡಿಸಿದರೆ, 44.7ರ ಪೀಕ್ ಮಾಯವಾಗುತ್ತದೋ ಇಲ್ಲವೋ ಎಂಬುದೇ ಉತ್ತರ ಹೇಳುತ್ತದೆ. ಒಳ್ಳೆಯ ವರದಿ ಇಂಥ ಅನಾಥ ಪೀಕನ್ನು ಮುಚ್ಚಿಡುವುದಿಲ್ಲ, ಅದರ ಕೋನವನ್ನು ಬರೆದು ಕಾರಣ ಕೊಡುತ್ತದೆ.

ಪುಡಿಯನ್ನು ಮಟ್ಟ ಮಾಡುವುದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಫಲಿತಾಂಶವನ್ನೇ ಅಲುಗಿಸಬಲ್ಲದು. ಪುಡಿಯ ಮೇಲ್ಮೈ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತಗ್ಗಿದ್ದರೂ ಸಾಮಾನ್ಯ ಯಂತ್ರದಲ್ಲಿ ಪೀಕ್‌ಗಳು 0.05 ಡಿಗ್ರಿಯ ಆಸುಪಾಸು ಸರಿಯುತ್ತವೆ. ಅನಟೇಸ್-ರೂಟೈಲ್ ನಡುವೆ ಎರಡು ಡಿಗ್ರಿಯ ಅಂತರ ಇರುವುದರಿಂದ ಇಲ್ಲಿ ತೊಂದರೆಯಿಲ್ಲ. ಆದರೆ ಕಬ್ಬಿಣದ ಆಕ್ಸೈಡುಗಳಾದ ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್‌ಗಳ ಮುಖ್ಯ ಪೀಕ್‌ಗಳ ಅಂತರ ಬರೀ 0.2 ಡಿಗ್ರಿಯಷ್ಟು. ಅಲ್ಲಿ ಸ್ವಲ್ಪ ಸರಿದರೂ ಹೆಸರೇ ಅದಲುಬದಲಾದೀತು. ಅದಕ್ಕೇ ಪುಡಿಗೆ ಚಿಟಿಕೆ ಶುದ್ಧ ಸಿಲಿಕಾನ್ ಬೆರೆಸುತ್ತಾರೆ. ಅದರ ಪೀಕ್ 28.44ರಲ್ಲಿ ಬರಲೇಬೇಕು, ಬಾರದಿದ್ದರೆ ಎಷ್ಟು ಸರಿದಿದೆ ಎಂದು ತಿದ್ದಿಕೊಳ್ಳಬಹುದು. ಇಷ್ಟಾದರೂ ಈ ಜೋಡಿಯನ್ನು ಬರೀ ಎಕ್ಸ್‌ಆರ್‌ಡಿ ನಂಬಿ ಹೆಸರಿಸುವುದು ಸರಿಯಲ್ಲ, ಮೋಸ್‌ಬೌವರ್‌ನಂಥ ಇನ್ನೊಂದು ಪರೀಕ್ಷೆಯ ಸಾಕ್ಷಿ ಬೇಕು.

ಯಾವುದು ಎಷ್ಟಿದೆ ಎಂಬುದು ಮುಂದಿನ ಪ್ರಶ್ನೆ. ಅನಟೇಸ್‌ನ ದೊಡ್ಡ ಪೀಕ್ 1000, ರೂಟೈಲ್‌ನದು 250 ಎಂದಾದರೆ 80ಕ್ಕೆ 20 ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಒಂದೇ ತೂಕದ ಎರಡು ಫೇಸ್‌ಗಳು ಒಂದೇ ಎತ್ತರದ ಪೀಕ್ ಕೊಡುವುದಿಲ್ಲ. 1957ರಲ್ಲಿ ಸ್ಪರ್ ಮತ್ತು ಮೈಯರ್ಸ್ ಈ ಜೋಡಿಗೆಂದೇ ಕಂಡುಕೊಂಡ ತಿದ್ದುಪಡಿಯ ಸಂಖ್ಯೆ 1.26. ರೂಟೈಲ್-ಅನಟೇಸ್ ಅನುಪಾತ 0.25ನ್ನು ಅದರಿಂದ ಗುಣಿಸಿ 1 ಕೂಡಿಸಿದರೆ 1.315, ಅದರಿಂದ ಒಂದನ್ನು ಭಾಗಿಸಿದರೆ 0.76. ಅಂದರೆ ಅನಟೇಸ್ ಶೇ. 76, ರೂಟೈಲ್ ಶೇ. 24.

ಈ 76 ಯಾವುದರ ಪಾಲು ಎಂದು ಕೇಳಲೇಬೇಕು. ಪೀಕ್ ಕೊಡುವುದು ಕ್ರಮವಾಗಿ ಜೋಡಣೆಯಾದ ವಸ್ತು ಮಾತ್ರ. ಗಾಜಿನಂತೆ ಕ್ರಮವಿಲ್ಲದ ಭಾಗ ಗ್ರಾಫಿನಲ್ಲಿ ಅಗಲವಾದ ದಿಬ್ಬವಾಗಿ ಮಾತ್ರ ತಳದಲ್ಲಿ ಹರಡಿಕೊಂಡಿರುತ್ತದೆ. ಚೀಲದ ಅರ್ಧ ಅಂಥದ್ದೇ ಆಗಿದ್ದರೂ ಮೇಲಿನ ಲೆಕ್ಕ 76 ಎಂದೇ ಹೇಳುತ್ತದೆ, ಏಕೆಂದರೆ ಅದು ಹೋಲಿಸುವುದು ಎರಡು ಸ್ಫಟಿಕಗಳನ್ನು ಮಾತ್ರ. ಆ ಅರ್ಧವನ್ನು ಹಿಡಿಯಲು ತೂಕ ಗೊತ್ತಿರುವ ಕೊರಂಡಮ್ ಪುಡಿಯನ್ನು ಬೆರೆಸಿ, ಅದಕ್ಕೆ ಹೋಲಿಸಿ ಪ್ರತಿ ಫೇಸನ್ನೂ ಅಳೆಯಬೇಕು. ಹಾಗೆಯೇ ಶೇ. 1-2ಕ್ಕಿಂತ ಕಡಿಮೆ ಇರುವ ಫೇಸ್ ಸಾಮಾನ್ಯ ಓಟದಲ್ಲಿ ಹಿನ್ನೆಲೆಯ ಸದ್ದಿನಲ್ಲೇ ಮುಳುಗಿಹೋಗಬಹುದು. ಆದ್ದರಿಂದ ವರದಿಯಲ್ಲಿ ‘ಇಲ್ಲ’ ಎಂದಿದ್ದರೆ ಅದನ್ನು ‘ಕಾಣಲಿಲ್ಲ’ ಎಂದು ಓದಿಕೊಳ್ಳುವುದೇ ಸರಿ.

ಇಂಥ ವರದಿ ನಿಮ್ಮ ಕೈಗೆ ಬಂದರೆ, ಅದು ಕಾರ್ಖಾನೆಯದಾಗಲಿ ಮಕ್ಕಳ ಪ್ರಾಜೆಕ್ಟಿನದಾಗಲಿ, ಕಂಪ್ಯೂಟರ್ ಕೊಟ್ಟ ಹೊಂದಾಣಿಕೆಯ ಅಂಕವನ್ನು ನೋಡಿ ಸುಮ್ಮನಾಗಬೇಡಿ. ಯಾವ ತರಂಗಾಂತರ, ಯಾವ ಕಾರ್ಡ್, ಹೆಸರು ಸಿಗದೆ ಉಳಿದ ಪೀಕ್‌ಗಳು ಯಾವುವು, ಶೇಕಡಾವಾರು ಲೆಕ್ಕ ಇಡೀ ಪುಡಿಯದೋ ಸ್ಫಟಿಕ ಭಾಗದ್ದೋ ಎಂದು ಕೇಳಿ. ಜೊತೆಗೆ ಕೋನ-ತೀವ್ರತೆಯ ಮೂಲ ಅಂಕಿಗಳ ಫೈಲನ್ನೂ ಕೇಳಿ ಪಡೆದುಕೊಳ್ಳಿ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಮತ್ತೆ ಪರಿಶೀಲಿಸಲು ಆಗುವುದು ಅದರಿಂದಲೇ.